ಪಾಪದ ಹೆಸರು, ಬೊಕ್ಕಸದ ಲೆಕ್ಕ



ಸರ್ಕಾರ ಮದ್ಯದ ಮೇಲೆ, ತಂಬಾಕಿನ ಮೇಲೆ ತೆರಿಗೆ ಏರಿಸಿದ ಸುದ್ದಿ ಬಂದಾಗಲೆಲ್ಲ ನಮ್ಮ ಗೋಷ್ಠಿಗಳಲ್ಲಿ ಚಪ್ಪಾಳೆ ಬೀಳುತ್ತದೆ. ವಿಜಯಪುರದಲ್ಲಿ ನೋಡಿದ್ದೇನೆ, ಟಿಕೋಟಾದಲ್ಲಿ ನೋಡಿದ್ದೇನೆ, ಬಬಲೇಶ್ವರದಲ್ಲೂ ನೋಡಿದ್ದೇನೆ. ಭಾಷಣ ಮಾಡುವವರು "ಪಾಪಕ್ಕೆ ತೆರಿಗೆ ಹಾಕಿದ್ದಾರೆ, ಒಳ್ಳೆಯದೇ ಆಯಿತು, ಇನ್ನೂ ಏರಿಸಲಿ" ಎನ್ನುತ್ತಾರೆ. ಕುಳಿತ ತಾಯಂದಿರು ತಲೆಯಾಡಿಸುತ್ತಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಹೇಳಿದ ನನಗೆ ಈ ಚಪ್ಪಾಳೆ ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ತೆರಿಗೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಆ ತೆರಿಗೆಯನ್ನು ಯಾರು ಕಟ್ಟುತ್ತಾರೆ, ಯಾಕೆ ಅದು ಬೊಕ್ಕಸಕ್ಕೆ ಅಷ್ಟು ಪ್ರಿಯವಾಗಿದೆ ಎಂಬ ಲೆಕ್ಕ ನೋಡದೆ ಚಪ್ಪಾಳೆ ತಟ್ಟುವುದನ್ನು ನಾವು ನಿಲ್ಲಿಸಬೇಕು ಎಂದು ಹೇಳುತ್ತೇನೆ.

ಮೊದಲು ಹೆಸರಿನ ವಿಚಾರ. "ಪಾಪ ತೆರಿಗೆ" ಎಂಬ ಮಾತು ಇಂಗ್ಲಿಷಿನಿಂದ ಪತ್ರಿಕೆಗಳ ಮೂಲಕ ನಮಗೆ ಬಂದದ್ದು. ನಮ್ಮ ಅಬಕಾರಿ ಕಾಯ್ದೆಯ ಭಾಷೆ ಅದಲ್ಲ. ಅಲ್ಲಿರುವುದು ಅಬಕಾರಿ ಸುಂಕ, ಹೆಚ್ಚುವರಿ ಅಬಕಾರಿ ಸುಂಕ. ಆದರೂ ಆ ಅಡ್ಡಹೆಸರು ಸರ್ಕಾರಕ್ಕೆ ದೊಡ್ಡ ಉಪಕಾರ ಮಾಡಿದೆ. ಉಪ್ಪಿಗೆ ತೆರಿಗೆ ಹಾಕಿದ್ದಕ್ಕೆ ಈ ದೇಶದಲ್ಲಿ ಸತ್ಯಾಗ್ರಹವೇ ನಡೆಯಿತು. ಹಾಲಿಗೆ ಹತ್ತು ಪೈಸೆ ಏರಿದರೂ ಮೋರ್ಚಾ ಬರುತ್ತದೆ. ಮದ್ಯಕ್ಕೆ ಏರಿಸಿದರೆ ಮಾತ್ರ ಯಾರೂ ಬೀದಿಗೆ ಇಳಿಯುವುದಿಲ್ಲ. ಕುಡಿಯುವವನಿಗೆ ನಾಚಿಕೆ, ಕುಡಿಯದವನಿಗೆ ಸಂತೋಷ. ಎದುರಾಡುವ ಬಾಯಿಯೇ ಇಲ್ಲದ ತೆರಿಗೆ ಇದು.

ಇನ್ನೂ ಒಂದು ಸೂಕ್ಷ್ಮ ಇದೆ. ಪಾಪ ಎಂದ ಕೂಡಲೆ ತಪ್ಪೆಲ್ಲ ಕುಡಿದವನ ತಲೆಗೆ ಹೋಗುತ್ತದೆ. ಅಂಗಡಿಗೆ ಪರವಾನಗಿ ಕೊಟ್ಟವರು, ನಿಗಮದ ಗೋದಾಮಿನಿಂದ ಪೆಟ್ಟಿಗೆ ಕಳಿಸಿದವರು, ವರ್ಷಕ್ಕೆ ಇಷ್ಟು ಕೋಟಿ ಎಂದು ಬಜೆಟ್ಟಿನಲ್ಲಿ ಬರೆದವರು, ಇವರೆಲ್ಲ ದಂಡ ವಸೂಲು ಮಾಡುವ ಸಾತ್ವಿಕರಾಗಿ ಕಾಣುತ್ತಾರೆ. ದಕ್ಷಿಣೆ ಕೊಟ್ಟು ಪಾಪ ಕಳೆದುಕೊಳ್ಳುವ ವ್ಯಾಪಾರವನ್ನು ಒಪ್ಪದ ಪರಂಪರೆ ನಮ್ಮದು. ಹಾಗಿರುವಾಗ ದಕ್ಷಿಣೆಯ ಪೆಟ್ಟಿಗೆಯನ್ನು ಸರ್ಕಾರ ಇಟ್ಟ ಮಾತ್ರಕ್ಕೆ ನಾವು ಅದಕ್ಕೆ ಕೈಮುಗಿಯಬೇಕಾಗಿಲ್ಲ.

ಹೆಸರಿಗಿಂತ ಹಳೆಯದು ಈ ತೆರಿಗೆ. ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನಿಗೆ ತಂಬಾಕು ಕಂಡರೆ ಆಗುತ್ತಿರಲಿಲ್ಲ. 1604ರಲ್ಲಿ ಅದರ ವಿರುದ್ಧ ತಾನೇ ಒಂದು ಪುಸ್ತಿಕೆ ಬರೆದು, ಅದೇ ವರ್ಷ ಆಮದು ಸುಂಕವನ್ನು ಸುಮಾರು ನಲವತ್ತು ಪಟ್ಟು ಏರಿಸಿದ. ಕಳ್ಳಸಾಗಣೆ ಬೆಳೆಯಿತು, ಬೊಕ್ಕಸಕ್ಕೆ ಬರುವುದು ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಸುಂಕ ಇಳಿಸಬೇಕಾಯಿತು. ಹಣ ಬರಬೇಕಾದರೆ ತಂಬಾಕು ಮಾರಾಟವಾಗುತ್ತಲೇ ಇರಬೇಕು, ಕಾನೂನಿನ ಬಾಗಿಲಿನಿಂದಲೇ ಬರಬೇಕು ಎಂಬ ಪಾಠವನ್ನು ಖಜಾನೆ ಅಂದೇ ಕಲಿಯಿತು. ಮುಂದೆ 1927ರಲ್ಲಿ ಫ್ರಾಂಕ್ ರಾಮ್ಸೆ ಎಂಬ ತರುಣ ವಿದ್ವಾಂಸ ಇದನ್ನೇ ಗಣಿತವಾಗಿ ತೋರಿಸಿದ. ವ್ಯಾಪಾರ ಕೆಡದಂತೆ ಹಣ ಎತ್ತಬೇಕಾದರೆ, ಬೆಲೆ ಏರಿದರೂ ಜನ ಕೊಳ್ಳುವುದನ್ನು ಬಿಡದ ವಸ್ತುಗಳ ಮೇಲೆ ಹೆಚ್ಚು ತೆರಿಗೆ ಹಾಕಬೇಕು ಎಂಬುದು ಅವನ ಸೂತ್ರದ ಸಾರ. ಅದರಲ್ಲಿ ಪುಣ್ಯಪಾಪಗಳ ಮಾತೇ ಇಲ್ಲ.

"ಬೆಲೆ ಏರಿದರೂ ಬಿಡದ" ಎಂಬ ಈ ಗುಣಕ್ಕೆ ಪಿಯುಸಿ ಪುಸ್ತಕದಲ್ಲಿ "ಬೇಡಿಕೆಯ ಸ್ಥಿತಿಸ್ಥಾಪಕತ್ವ" ಎಂಬ ದೊಡ್ಡ ಹೆಸರಿದೆ. ಸಂಗತಿ ಸಣ್ಣದು. ವಿಜಯಪುರದ ಸಂತೆಯಲ್ಲಿ ಬದನೆಕಾಯಿ ದುಬಾರಿಯಾದರೆ ನಾವು ಹೀರೆಕಾಯಿ ಒಯ್ಯುತ್ತೇವೆ. ಬದನೆಯ ಬೇಡಿಕೆ ಬೆಲೆಗೆ ಬಾಗುತ್ತದೆ. ಉಪ್ಪು ಎರಡು ಪಟ್ಟಾದರೂ ಅಷ್ಟೇ ಒಯ್ಯುತ್ತೇವೆ. ಉಪ್ಪಿನ ಬೇಡಿಕೆ ಬಾಗುವುದಿಲ್ಲ. ಅಳೆಯುವುದು ಹೇಗೆಂದರೆ, ಬೆಲೆ ನೂರಕ್ಕೆ ಹತ್ತು ಏರಿದಾಗ ಕೊಳ್ಳುವುದು ನೂರಕ್ಕೆ ಎಷ್ಟು ಇಳಿಯಿತು ಎಂದು ನೋಡುತ್ತಾರೆ. ಹತ್ತು ಇಳಿದರೆ ಅಳತೆ ಒಂದು. ಐದು ಇಳಿದರೆ ಅರ್ಧ. ಹದಿನೈದು ಇಳಿದರೆ ಒಂದೂವರೆ. ಒಂದಕ್ಕಿಂತ ಕಡಿಮೆ ಇದ್ದರೆ ಬಾಗದ ಬೇಡಿಕೆ, ಹೆಚ್ಚಿದ್ದರೆ ಬಾಗುವ ಬೇಡಿಕೆ.

ಮದ್ಯದ ಅಳತೆ ಎಷ್ಟು? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಅದು ಸರಾಸರಿ ಅರ್ಧದ ಆಸುಪಾಸು ಎನ್ನುತ್ತಾರೆ. ಅಂದರೆ ಬೆಲೆ ನೂರಕ್ಕೆ ಹತ್ತು ಏರಿದರೆ ಕುಡಿತ ನೂರಕ್ಕೆ ಐದರಷ್ಟು ಇಳಿಯುತ್ತದೆ. ಇದನ್ನು ಹಿಡಿದುಕೊಂಡು ಒಂದು ಲೆಕ್ಕ ಮಾಡೋಣ. ಅಂಕಿಗಳು ನಾನು ಸುಲಭಕ್ಕೆ ಹಾಕಿಕೊಂಡವು, ಆದರೆ ಲೆಕ್ಕದ ದಾರಿ ನಿಜವಾದದ್ದು.

ಒಂದು ಕ್ವಾರ್ಟರಿನ ಬೆಲೆ 100 ರೂಪಾಯಿ ಇರಲಿ. ಅದರಲ್ಲಿ 60 ತೆರಿಗೆ, 40 ತಯಾರಕರದು ಮತ್ತು ಅಂಗಡಿಯವರದು. ಒಂದು ಓಣಿಯಲ್ಲಿ ದಿನಕ್ಕೆ 100 ಕ್ವಾರ್ಟರು ಖರ್ಚಾಗುತ್ತವೆ ಎನ್ನಿ. ಓಣಿಯಿಂದ ಹೊರಹೋಗುವ ಹಣ 10,000 ರೂಪಾಯಿ, ಅದರಲ್ಲಿ ಬೊಕ್ಕಸಕ್ಕೆ 6,000. ಈಗ ಸರ್ಕಾರ ತೆರಿಗೆಯನ್ನು ನೂರಕ್ಕೆ ಇಪ್ಪತ್ತು ಏರಿಸಿತು. 60 ಇದ್ದದ್ದು 72 ಆಯಿತು, ಬಾಟಲಿಯ ಬೆಲೆ 112 ಆಯಿತು. ಗಮನಿಸಿ, ತೆರಿಗೆ ಏರಿದ್ದು ಇಪ್ಪತ್ತು, ಬೆಲೆ ಏರಿದ್ದು ಹನ್ನೆರಡು ಮಾತ್ರ. ಅಳತೆ ಅರ್ಧವಾದ್ದರಿಂದ ಕುಡಿತ ನೂರಕ್ಕೆ ಆರು ಇಳಿಯಿತು, ನೂರರ ಬದಲು 94 ಕ್ವಾರ್ಟರು. ಬೊಕ್ಕಸಕ್ಕೆ 94 ಸಲ 72, ಅಂದರೆ 6,768 ರೂಪಾಯಿ. ಸರ್ಕಾರಕ್ಕೆ ದಿನಕ್ಕೆ 768 ರೂಪಾಯಿ ಲಾಭ. ಕುಡಿತವೂ ಕೊಂಚ ಇಳಿಯಿತು, ಹಣವೂ ಬಂತು ಎಂದು ಮಂತ್ರಿಗಳು ಹೇಳಿದರೆ ಅದು ಸುಳ್ಳಲ್ಲ.

ಆದರೆ ಓಣಿಯ ಕಡೆಯಿಂದ ನೋಡಿ. 94 ಕ್ವಾರ್ಟರಿಗೆ 112ರಂತೆ 10,528 ರೂಪಾಯಿ. ಕುಡಿತ ಇಳಿದಿದೆ, ಓಣಿಯಿಂದ ಹೊರಹೋಗುವ ಹಣ ಮಾತ್ರ ದಿನಕ್ಕೆ 528 ರೂಪಾಯಿ ಹೆಚ್ಚಿದೆ! ಬೇಡಿಕೆಯ ಅಳತೆ ಒಂದಕ್ಕಿಂತ ಕಡಿಮೆ ಇರುವವರೆಗೆ ಇದು ಹೀಗೇ ಆಗುತ್ತದೆ. ತಪ್ಪಿಸಲು ಬರುವುದಿಲ್ಲ. ಈ 528 ರೂಪಾಯಿ ಎಲ್ಲಿಂದ ಬಂತು? ಕುಡಿಯುವವನ ದಿನಗೂಲಿ ಏರಿಲ್ಲ. ಅದು ಜೋಳದಿಂದ ಬಂತು, ಎಣ್ಣೆಯಿಂದ ಬಂತು, ಮಗಳ ಪುಸ್ತಕದಿಂದ ಬಂತು.

ನಾನು ಪುಸ್ತಕದಿಂದ ತೆಗೆದು ಹೇಳಿದ ಈ ಮಾತನ್ನು ಬಬಲೇಶ್ವರ ಕಡೆಯ ಒಬ್ಬ ತಾಯಿ ನನಗಿಂತ ಚೆನ್ನಾಗಿ ಹೇಳಿದ್ದಾಳೆ. ದ್ರಾಕ್ಷಿ ತೋಟದಲ್ಲಿ ಚಾಟ್ನಿ ಕೆಲಸಕ್ಕೆ ಹೋಗುವವಳು. ಒಂದು ಶಿವಾನುಭವ ಗೋಷ್ಠಿ ಮುಗಿದ ಮೇಲೆ ಪ್ರಸಾದಕ್ಕೆ ಕುಳಿತಾಗ ಕೇಳಿದಳು: "ಮಾಸ್ತರ್ರ, ರೇಟ ಏರಿದ್ರ ಕುಡಿಯೂದು ಬಿಡ್ತಾರ ಅಂತಾರಲ್ರಿ ಎಲ್ಲಾರೂ. ನಮ್ಮನ್ಯಾಗ ಅಂವ ಏನೂ ಬಿಡಲಿಲ್ಲರಿ. ನಾನs ಕಿರಾಣಿ ಸಾಮಾನ ಬಿಟ್ಟೆ." ನಾನು "ಯವ್ವಾ, ಅವನು ಒಂದು ದಿನವಾದರೂ ಕಡಿಮೆ ಮಾಡಲಿಲ್ಲವೇ?" ಎಂದೆ. "ಕಡಿಮಿ ಮಾಡಿದ್ರಿ. ಮೊದಲ ಕ್ವಾರ್ಟರ್ ತರತಿದ್ದ, ಈಗ ಹಗ್ಗದ್ದು ಹುಡುಕಿ ತರತಾನ" ಎಂದಳು. ಹಗ್ಗದ್ದು, ಅಂದರೆ ಅಗ್ಗದ್ದು. ಬೆಲೆ ಏರಿದಾಗ ಕುಡುಕ ಮೊದಲು ಬಿಡುವುದು ಕುಡಿತವನ್ನಲ್ಲ, ಬ್ರಾಂಡನ್ನು. ಅದು ಮುಗಿದ ಮೇಲೆ ಮನೆಯ ಖರ್ಚನ್ನು. ಅದೂ ಮುಗಿದ ಮೇಲೆ ಸಾಲ. ಪಾಪ ಮಾಡಿದವನು ಒಬ್ಬ, ಪಾಪದ ತೆರಿಗೆ ಕಟ್ಟಿದವಳು ಇನ್ನೊಬ್ಬಳು. ಈ ತೆರಿಗೆಯ ಹೆಸರು ಸುಳ್ಳು ಎಂದು ನಾನು ಹೇಳುವುದು ಇದಕ್ಕಾಗಿ.

ಅರ್ಧ ಎಂಬ ಸರಾಸರಿಯ ಒಳಗೆ ಏನಿದೆ ಎಂಬುದನ್ನೂ ತಿಳಿಯಬೇಕು. ನೂರು ಜನರಲ್ಲಿ ಎಲ್ಲರೂ ಸಮನಾಗಿ ಆರು ಗುಟುಕು ಕಡಿಮೆ ಮಾಡುವುದಿಲ್ಲ. ಅಪರೂಪಕ್ಕೆ ಕುಡಿಯುವವನು, ಈಗಷ್ಟೇ ಚಟ ಹತ್ತುತ್ತಿರುವ ಹುಡುಗ, ಇವರು ಬೆಲೆಗೆ ಬೇಗ ಬಾಗುತ್ತಾರೆ. ದಿನಾ ಕುಡಿದು ಕೈ ನಡುಗುವವನು ಬಾಗುವುದೇ ಕಡಿಮೆ. ಹೀಗಾಗಿ ತೆರಿಗೆ ಏರಿಕೆ ನಿಷ್ಪ್ರಯೋಜಕ ಎಂದು ನಾನು ಹೇಳಲಾರೆ. ಹದಿನೆಂಟರ ಹುಡುಗನನ್ನು ಅಂಗಡಿಯ ಬಾಗಿಲಿನಿಂದ ಹಿಂದಕ್ಕೆ ಕಳಿಸುವ ಶಕ್ತಿ ಬೆಲೆಗೆ ನಿಜವಾಗಿ ಇದೆ. ವರ್ಷಗಳು ಕಳೆದಂತೆ ಈ ಪರಿಣಾಮ ಬೆಳೆಯುತ್ತದೆ, ಯಾಕೆಂದರೆ ಹೊಸಬರು ಸೇರುವುದು ನಿಧಾನವಾಗುತ್ತದೆ. ಆದರೆ ಬೊಕ್ಕಸ ತುಂಬಿಸುವವನು ಆ ಹುಡುಗನಲ್ಲ. ಬೊಕ್ಕಸ ತುಂಬಿಸುವವನು ಬಿಡಲಾರದವನು. ಅವನ ಹೆಂಡತಿಗೆ ಬೆಲೆ ಏರಿಕೆಯಿಂದ ಸಿಗುವ ಉಪಕಾರ ಶೂನ್ಯ, ನಷ್ಟ ಪೂರ್ತಿ.

ಈಗ ನಮ್ಮ ರಾಜ್ಯದ ನಿಜವಾದ ಅಂಕಿಗಳಿಗೆ ಬರೋಣ. 2023ರ ಜುಲೈ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ದೇಶೀ ತಯಾರಿಕೆಯ ವಿಸ್ಕಿ, ಬ್ರಾಂಡಿ, ರಮ್ಮುಗಳ ಹೆಚ್ಚುವರಿ ಅಬಕಾರಿ ಸುಂಕವನ್ನು ಎಲ್ಲ 18 ಸ್ಲ್ಯಾಬುಗಳಲ್ಲೂ ಶೇ. 20ರಷ್ಟು ಏರಿಸಿದರು. ನನ್ನ ಓಣಿಯ ಲೆಕ್ಕದಲ್ಲಿ ಇಪ್ಪತ್ತು ಎಂದು ಹಾಕಿದ್ದು ಇದೇ ಕಾರಣಕ್ಕೆ. ಬಿಯರಿನ ಸುಂಕ ಶೇ. 175 ಇದ್ದದ್ದು 185 ಆಯಿತು. ಸ್ಲ್ಯಾಬು ಎಂದರೆ ತಯಾರಕರು ಘೋಷಿಸಿದ ಬೆಲೆಯ ಮೆಟ್ಟಿಲು. ಅಗ್ಗದ ಮಾಲು ಕೆಳಗಿನ ಮೆಟ್ಟಿಲಲ್ಲಿ, ದುಬಾರಿ ಮಾಲು ಮೇಲಿನ ಮೆಟ್ಟಿಲಲ್ಲಿ, ಒಂದೊಂದಕ್ಕೂ ಬೇರೆ ದರ. ಕರ್ನಾಟಕದಲ್ಲಿ ಮಾರಾಟವಾಗುವ ಮದ್ಯದಲ್ಲಿ ಬಹುಪಾಲು ಕೆಳಗಿನ ಮೆಟ್ಟಿಲುಗಳದ್ದು. ಕೂಲಿಕಾರರ ಮದ್ಯ ಅದು.

2022-23ರಲ್ಲಿ ಅಬಕಾರಿ ಆದಾಯ 30,000 ಕೋಟಿಗೆ ಹತ್ತಿರ ಇತ್ತು. ಏರಿಕೆಯ ನಂತರ 2023-24ರಲ್ಲಿ 34,000 ಕೋಟಿ ದಾಟಿತು. ಬೇಡಿಕೆ ಬಾಗಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2025-26ಕ್ಕೆ ಬಜೆಟ್ಟಿನಲ್ಲಿ ಬರೆದ ಗುರಿ 40,000 ಕೋಟಿ. ರಾಜ್ಯದ ಸ್ವಂತ ತೆರಿಗೆಯಲ್ಲಿ ಐದರಲ್ಲೊಂದು ಪಾಲಿಗೆ ಹತ್ತಿರ. ಗುರಿ ಎಂಬ ಆ ಶಬ್ದವನ್ನು ಇನ್ನೊಮ್ಮೆ ಓದಿ. ಪಾಪ ಕಡಿಮೆಯಾಗಲೆಂದು ಹಾಕಿದ ತೆರಿಗೆಯಾಗಿದ್ದರೆ ವರ್ಷವರ್ಷಕ್ಕೆ ಆ ಗುರಿ ಇಳಿಯಬೇಕಿತ್ತು. ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡವರು. ಪಾಪಕ್ಕೆ ವಾರ್ಷಿಕ ಗುರಿ ಇಟ್ಟ ಭಂಡಾರವನ್ನು ಅವರ ಹೆಸರು ಹೇಳುವ ನಾವು ಪ್ರಶ್ನೆ ಕೇಳದೆ ಬಿಡಬಾರದು.

ಮುಂದಿನ ಸಂಗತಿ ಇನ್ನೂ ಸ್ವಾರಸ್ಯ. 2024ರ ಬಜೆಟ್ಟಿನಲ್ಲಿ ಸ್ಲ್ಯಾಬುಗಳನ್ನು ನೆರೆ ರಾಜ್ಯಗಳ ದರಕ್ಕೆ ಹೊಂದಿಸುವುದಾಗಿ ಹೇಳಿದರು. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಮೇಲಿನ ಮೆಟ್ಟಿಲುಗಳ ದುಬಾರಿ ಮದ್ಯದ ದರ ಇಳಿಯಿತು. 2025ರ ಮೇ ತಿಂಗಳಲ್ಲಿ ಕೆಳಗಿನ ಮೆಟ್ಟಿಲುಗಳ ದರ ಮತ್ತೆ ಏರಿತು. ಸಾಹುಕಾರನ ಪಾಪಕ್ಕೆ ರಿಯಾಯಿತಿ, ಕೂಲಿಕಾರನ ಪಾಪಕ್ಕೆ ಬಡ್ಡಿ! ಯಾಕೆ ಹೀಗೆ? ನಮ್ಮವರು ಇದನ್ನು ಲಂಚ, ಲಾಬಿ ಎಂದು ಬೈದು ಮುಗಿಸುತ್ತಾರೆ. ನನಗೆ ಬೇಡಿಕೆಯ ಅಳತೆ ಒಂದೇ ಸಾಕು, ಇದಕ್ಕೆ ಉತ್ತರ ಸಿಗುತ್ತದೆ. ದುಬಾರಿ ವಿಸ್ಕಿ ಕುಡಿಯುವವನಿಗೆ ಕಾರು ಇದೆ, ಗೋವಾಕ್ಕೆ ಹೋಗುತ್ತಾನೆ, ದಿಲ್ಲಿಯಿಂದ ಬರುವಾಗ ತರುತ್ತಾನೆ. ಕರ್ನಾಟಕದ ಅಂಗಡಿಯಲ್ಲಿ ಅವನ ಬೇಡಿಕೆ ಬಾಗುತ್ತದೆ, ಒಂದನ್ನು ಮೀರಿ ಬಾಗುತ್ತದೆ. ಅಲ್ಲಿ ದರ ಇಳಿಸಿದರೇ ಆದಾಯ ಹೆಚ್ಚು. ಟಿಕೋಟಾದ ಕೂಲಿಕಾರ ಒಂದು ಕ್ವಾರ್ಟರಿಗಾಗಿ ಎಲ್ಲಿಗೆ ಹೋಗಬೇಕು? ಅವನ ಬೇಡಿಕೆ ಬಾಗುವುದಿಲ್ಲ, ಆದ್ದರಿಂದ ಅವನ ಮೇಲೆ ಏರಿಸಬಹುದು. ಸರ್ಕಾರ ಪಾಪವನ್ನು ತೂಗಲಿಲ್ಲ, ಓಡಿಹೋಗಲು ಯಾರಿಗೆ ದಾರಿ ಇದೆ ಎಂಬುದನ್ನು ತೂಗಿತು.

ಗಡಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಟಿಕೋಟಾದಿಂದ ಪಶ್ಚಿಮಕ್ಕೆ ಹೊರಟರೆ ಮಹಾರಾಷ್ಟ್ರದ ಜತ್ತ ತಾಲೂಕು ಬಹಳ ದೂರವಿಲ್ಲ. ಆ ಕಡೆಯ ದರ ಕಡಿಮೆಯಿದ್ದರೆ ಈ ಕಡೆಯ ಮಾರಾಟ ಇಳಿಯುತ್ತದೆ, ಕುಡಿತ ಇಳಿಯುವುದಿಲ್ಲ. 2025ರ ಜೂನಿನಲ್ಲಿ ಮಹಾರಾಷ್ಟ್ರವೂ ದೇಶೀ ತಯಾರಿಕೆಯ ವಿದೇಶೀ ಮದ್ಯದ ಸುಂಕವನ್ನು ತಯಾರಿಕಾ ವೆಚ್ಚದ ಮೂರು ಪಟ್ಟಿನಿಂದ ನಾಲ್ಕೂವರೆ ಪಟ್ಟಿಗೆ ಏರಿಸಿತು. ಅಂದರೆ ಆ ಬಾಗಿಲೂ ಕಿರಿದಾಯಿತು. ಎರಡೂ ರಾಜ್ಯಗಳು ಒಟ್ಟಿಗೆ ಏರಿಸಿದಾಗ ಗಡಿಯ ಬಡವನ ಬೇಡಿಕೆ ಇನ್ನಷ್ಟು ಬಾಗದಂತಾಗುತ್ತದೆ, ಎರಡು ಬೊಕ್ಕಸಗಳಿಗೂ ಹಬ್ಬ.

ಹಾಗಾದರೆ ತೆರಿಗೆ ಏರಿಕೆಯಿಂದ ಕುಡಿತ ನಿಜವಾಗಿ ಇಳಿಯಿತೋ ಇಲ್ಲವೋ ತಿಳಿಯುವುದು ಹೇಗೆ? ರೂಪಾಯಿ ನೋಡಿದರೆ ತಿಳಿಯುವುದಿಲ್ಲ, ಪೆಟ್ಟಿಗೆ ಎಣಿಸಬೇಕು. ಸರ್ಕಾರದ ಪಾನೀಯ ನಿಗಮದ ಮೂಲಕವೇ ಎಲ್ಲ ಮದ್ಯ ಅಂಗಡಿಗೆ ಹೋಗುವುದು. ಒಂದು ಪೆಟ್ಟಿಗೆಯಲ್ಲಿ 48 ಕ್ವಾರ್ಟರು, ಅಂದರೆ 8.64 ಲೀಟರು. ಬಿಯರಾದರೆ 12 ಬಾಟಲಿ, 7.8 ಲೀಟರು. ಯಾವ ತಿಂಗಳು ಎಷ್ಟು ಪೆಟ್ಟಿಗೆ ಹೋಯಿತೆಂಬುದು ನಿಗಮದ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಆದಾಯ ಏರಿತು ಎಂದು ಇಲಾಖೆ ಹೇಳಿದಾಗ ನಾವು ಕೇಳಬೇಕಾದ ಪ್ರಶ್ನೆ "ಪೆಟ್ಟಿಗೆ ಏರಿತೋ ಇಳಿಯಿತೋ" ಎಂಬುದು.

ಪೆಟ್ಟಿಗೆ ಇಳಿದರೂ ಕೂಡಲೆ ಸಂಭ್ರಮ ಬೇಡ. ಬಿಯರಿನ ಸುಂಕ 2025ರ ಜನವರಿಯಲ್ಲಿ ಶೇ. 195ಕ್ಕೆ, ಮೇ ತಿಂಗಳಲ್ಲಿ 205ಕ್ಕೆ ಏರಿತು, ಬಿಯರಿನ ಮಾರಾಟವೂ ಇಳಿಯಿತು. ಇದನ್ನು ವ್ಯಸನಮುಕ್ತಿಯ ಜಯವೆಂದು ಹೇಳುವವರು ಇದ್ದಾರೆ. ನೂರಕ್ಕೆ ಐದರಷ್ಟು ಮದ್ಯಸಾರ ಇರುವ ಒಂದು ದೊಡ್ಡ ಬಾಟಲಿ ಬಿಯರಿನಲ್ಲಿ ಶುದ್ಧ ಮದ್ಯಸಾರ ಸುಮಾರು 32 ಮಿಲಿಲೀಟರು. ಒಂದು ಕ್ವಾರ್ಟರು ವಿಸ್ಕಿಯಲ್ಲಿ 77. ಬಿಯರು ಬಿಟ್ಟ ಹುಡುಗ ಮನೆಗೆ ಹೋದನೋ, ಕ್ವಾರ್ಟರಿಗೆ ಇಳಿದನೋ ಎಂಬುದನ್ನು ನೋಡಬೇಕು. ಎರಡನೆಯದಾದರೆ ಪೆಟ್ಟಿಗೆಗಳು ಇಳಿದಿವೆ, ಹೊಟ್ಟೆಗೆ ಹೋದ ವಿಷ ಎರಡು ಪಟ್ಟಾಗಿದೆ. ದರವನ್ನು ಮಾಲಿನ ಬೆಲೆಯ ಮೇಲೆ ನಿಲ್ಲಿಸಿದ್ದರ ಫಲ ಇದು. ಮದ್ಯಸಾರ ಎಷ್ಟಿದೆ ಎಂಬುದರ ಮೇಲೆ ತೆರಿಗೆ ನಿಂತಿದ್ದರೆ ಹೀಗೆ ಜಾರಲು ಬರುತ್ತಿರಲಿಲ್ಲ.

ಇನ್ನೊಂದು ಗುರುತು ನಮ್ಮ ಹಳ್ಳಿಗಳಲ್ಲೇ ಇದೆ. ಪರವಾನಗಿ ಇಲ್ಲದ ಕಿರಾಣಿ ಅಂಗಡಿಯಲ್ಲಿ ಅದೇ ಪಾಕೀಟನ್ನು ಮುದ್ರಿತ ಬೆಲೆಗಿಂತ ಹತ್ತು ಇಪ್ಪತ್ತು ರೂಪಾಯಿ ಹೆಚ್ಚಿಗೆ ಮಾರುತ್ತಾರೆ, ಜನ ಕೊಳ್ಳುತ್ತಾರೆ. ಸರ್ಕಾರಕ್ಕಿಂತ ಮೊದಲೇ ಬೇಡಿಕೆಯ ಅಳತೆ ಹಿಡಿದವನು ಈ ಅಂಗಡಿಯವ! ಅವನು ಹಾಕಿದ ಖಾಸಗಿ ತೆರಿಗೆ ಬೊಕ್ಕಸಕ್ಕೂ ಇಲ್ಲ, ಆಸ್ಪತ್ರೆಗೂ ಇಲ್ಲ.

ತಂಬಾಕಿನ ಕಡೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ, ಆದರೆ ಆ ಮಾತು ಸಣ್ಣದಲ್ಲ. ಅರ್ಥಶಾಸ್ತ್ರಜ್ಞ ರಿಜೋ ಜಾನ್ ಅವರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭಾರತದಲ್ಲಿ ಬೀಡಿ ಮತ್ತು ಎಲೆ ತಂಬಾಕಿನ ಬೇಡಿಕೆಯ ಅಳತೆ ಒಂದರ ಹತ್ತಿರ, ಸಿಗರೇಟಿನದು ಎಲ್ಲಕ್ಕಿಂತ ಕಡಿಮೆ. ಅಂದರೆ ಬೆಲೆ ಏರಿಸಿದರೆ ನಿಜವಾಗಿ ಬಿಡುವವನು ಬೀಡಿ ಸೇದುವವನು. ತೆರಿಗೆ ಯಾರ ಮೇಲೆ ಹೆಚ್ಚು? ಸಿಗರೇಟಿನ ಮೇಲೆ. 2025ರ ಸೆಪ್ಟೆಂಬರಿನ ಜಿಎಸ್‌ಟಿ ಮಂಡಳಿ ಸಭೆ ಸಿಗರೇಟು, ಗುಟಕಾ, ಜರ್ದಾಗಳಿಗೆ ಶೇ. 40 ಎಂದು ನಿರ್ಧರಿಸಿತು. ಅದೇ ಸಭೆ ಬೀಡಿಯ ದರವನ್ನು 28ರಿಂದ 18ಕ್ಕೆ ಇಳಿಸಿತು. ಬೀಡಿ ಕಟ್ಟುವ ಬಡ ಹೆಣ್ಣುಮಕ್ಕಳ ಹೊಟ್ಟೆಪಾಡು ಎಂಬ ಕಾರಣ ಕೊಡುತ್ತಾರೆ. ಆ ಕಾರಣ ಪೂರ್ತಿ ಸುಳ್ಳಲ್ಲ, ನಿಪ್ಪಾಣಿಯ ಕಡೆ ಹೋಗಿ ಬಂದವರಿಗೆ ಅದು ಗೊತ್ತು. ಆದರೆ ಅವರ ಕೂಲಿ ಏರಿಸುವುದಕ್ಕೂ, ಅವರು ಕಟ್ಟಿದ ಬೀಡಿಯನ್ನು ಅವರದೇ ಗಂಡಂದಿರಿಗೆ ಅಗ್ಗ ಮಾಡುವುದಕ್ಕೂ ಬಹಳ ಅಂತರವಿದೆ. ಬಿಡುವವನಿಗೆ ಬೆಲೆ ಇಳಿಸಿ, ಬಿಡದವನಿಗೆ ಏರಿಸುವುದು ಖಜಾನೆಗೆ ಸರಿಯಾದ ಲೆಕ್ಕ. ಶ್ವಾಸಕೋಶಕ್ಕೆ ಅದು ತಿರುಗುಮುರುಗು ಲೆಕ್ಕ.

ಇಷ್ಟು ಹೇಳಿದಾಗ ನಮ್ಮಲ್ಲಿ ಹಲವರು "ಹಾಗಾದರೆ ಪೂರ್ತಿ ನಿಷೇಧ ಮಾಡಲಿ" ಎನ್ನುತ್ತಾರೆ. ಸಂವಿಧಾನದ 47ನೆಯ ವಿಧಿ ಹಾಗೆ ಪ್ರಯತ್ನಿಸಲು ಹೇಳುತ್ತದೆ ಎಂಬುದು ನಿಜ. ಆದರೆ ನಮ್ಮ ಜಿಲ್ಲೆ ಮುಂಬೈ ರಾಜ್ಯದಲ್ಲಿದ್ದಾಗ ಪಾನನಿಷೇಧ ಕಂಡಿದೆ, ಕಳ್ಳಬಟ್ಟಿಯನ್ನೂ ಕಂಡಿದೆ. ಹಿರಿಯರನ್ನು ಕೇಳಿ. ಆಂಧ್ರ 1995ರಲ್ಲಿ ನಿಷೇಧಿಸಿ 1997ರಲ್ಲಿ ಬೊಕ್ಕಸ ತಾಳದೆ ಸಡಿಲಿಸಿತು. ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ ಸಾರಾಯಿ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಎಷ್ಟೋ ಹಳ್ಳಿಗಳಲ್ಲಿ ತಾಯಂದಿರು ದೀಪ ಹಚ್ಚಿದರು. ಅಬಕಾರಿ ಆದಾಯ ಕುಸಿಯಿತೇ? ಇಲ್ಲ, ಮುಂದಿನ ಎರಡೇ ವರ್ಷಗಳಲ್ಲಿ ಅದು ಸ್ಪಷ್ಟವಾಗಿ ಏರಿತು. ಸಾರಾಯಿ ಕುಡಿಯುತ್ತಿದ್ದವರಲ್ಲಿ ಬಹಳ ಜನ ಅಗ್ಗದ ವಿಸ್ಕಿಗೆ ಹೋದರು, ಅದರ ಮೇಲೆ ತೆರಿಗೆ ಇನ್ನೂ ಹೆಚ್ಚು. ಒಂದು ಬಾಟಲಿ ಮುಚ್ಚಿ ಪಕ್ಕದ್ದನ್ನು ತೆರೆದಿಟ್ಟರೆ ಬೇಡಿಕೆ ಸಾಯುವುದಿಲ್ಲ, ಮನೆ ಬದಲಾಯಿಸುತ್ತದೆ.

ಹಾಗಾದರೆ ಬೇಡಿಕೆ ಬಾಗುವುದು ಯಾವಾಗ? ಹೀರೆಕಾಯಿ ಇದ್ದಾಗ ಬದನೆಯ ಬೇಡಿಕೆ ಬಾಗಿತಲ್ಲ, ಹಾಗೆ. ಬಿಡಲು ದಾರಿ ಇದ್ದವನಿಗೆ ಮಾತ್ರ ಬೆಲೆ ತಟ್ಟುತ್ತದೆ. ಈ ಅಳತೆ ಬಂಡೆಗೆ ಕೊರೆದ ಅಂಕಿಯಲ್ಲ, ಅದನ್ನು ಬದಲಿಸಲು ಬರುತ್ತದೆ. ಅದನ್ನು ನಮ್ಮ ಸೀಮೆಯಲ್ಲೇ ಮಾಡಿ ತೋರಿಸಿದವರು ಇಳಕಲ್ಲಿನ ಡಾ. ಮಹಾಂತ ಅಪ್ಪಗಳು. 1975ರಲ್ಲಿ ಜೋಳಿಗೆ ಹಿಡಿದು ಹಣ ಬೇಡದೆ, "ನಿಮ್ಮ ಚಟ ಹಾಕಿರಿ" ಎಂದು ಮನೆಮನೆಗೆ ಹೋದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ಇಂದು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅಪ್ಪಗಳ ಜೋಳಿಗೆಯನ್ನು ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದರೆ, ಬಾಗದ ಬೇಡಿಕೆಯನ್ನು ಬಾಗುವಂತೆ ಮಾಡುವ ಕೆಲಸ ಅದು. ಊರೆದುರು ಕೊಟ್ಟ ಮಾತು, ನಂತರ ವಿಚಾರಿಸುವ ಜನ, ಸಂಜೆ ಹೊತ್ತು ಕೂಡಲು ಅಂಗಡಿಯ ಬದಲು ಬೇರೊಂದು ಜಾಗ. ವರ್ಷದಲ್ಲಿ ಒಂದು ದಿನ ಆ ಜೋಳಿಗೆಗೆ ಮಾಲೆ ಹಾಕಿ, ಉಳಿದ 364 ದಿನ ಕೋಟಿಗಳ ಗುರಿಯ ಹಿಂದೆ ಓಡುವುದನ್ನು ಏನೆನ್ನಬೇಕು?

ಆದರೆ ಜೋಳಿಗೆಯೊಂದೇ ಸಾಕೆಂದು ನಾನು ಹೇಳಲಾರೆ. ಹತ್ತಿಪ್ಪತ್ತು ವರ್ಷ ದಿನಾ ಕುಡಿದವನು ಒಮ್ಮೆಲೇ ಬಿಟ್ಟರೆ ಮೈ ನಡುಗುತ್ತದೆ, ಭ್ರಮೆ ಬರುತ್ತದೆ, ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಅವನಿಗೆ ಪ್ರತಿಜ್ಞೆಯ ಜೊತೆ ವೈದ್ಯರು, ಔಷಧ, ಕೆಲವು ದಿನದ ಹಾಸಿಗೆ ಬೇಕು. ದಿನಗೂಲಿಯವನಿಗೆ ಅಷ್ಟು ದಿನದ ಕೂಲಿಯೂ ಹೋಗುತ್ತದೆ. ಅದಕ್ಕೆ ಹಣ ಎಲ್ಲಿಂದ? ಅವನೇ ಕಟ್ಟಿದ ತೆರಿಗೆಯಿಂದ ಎಂಬುದು ನನ್ನ ಉತ್ತರ. ನನ್ನ ಓಣಿಯ ಲೆಕ್ಕದಲ್ಲಿ ಸರ್ಕಾರಕ್ಕೆ ದಿನಕ್ಕೆ ಹೆಚ್ಚಿಗೆ ಬಂದ 768 ರೂಪಾಯಿಯಲ್ಲಿ ಓಣಿಗೆ ಮರಳಿ ಬಂದದ್ದು ಎಷ್ಟು? ಬಂದ ಸುಂಕವೆಲ್ಲ ಒಂದೇ ಹಗೇವಿಗೆ ಬೀಳುತ್ತದೆ, ರಸ್ತೆಗೂ ಸಂಬಳಕ್ಕೂ ಗ್ಯಾರಂಟಿಗೂ ಅಲ್ಲಿಂದಲೇ ತೆಗೆಯುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಯಜಮಾನಿಯ ಖಾತೆಗೆ ಬರುತ್ತದೆ, ಸಂತೋಷ. ದಿನಕ್ಕೊಂದು ಕ್ವಾರ್ಟರು ಬಿಡದ ಯಜಮಾನನಿಂದ 12 ರೂಪಾಯಿಯ ಏರಿಕೆಯಲ್ಲೇ ತಿಂಗಳಿಗೆ 360 ಹೊರಟುಹೋಗುತ್ತದೆ, ಹಳೆಯ ತೆರಿಗೆ 1,800 ಬೇರೆ. ಕೂಡಿಸಿ ನೋಡಿ, 2,160. ಕೊಟ್ಟ ಕೈಗಿಂತ ಕಸಿದ ಕೈ ದೊಡ್ಡದು.

ನಮ್ಮ ಮಠಗಳ ಗೋಷ್ಠಿಗಳಲ್ಲಿ ಇನ್ನು ಮುಂದೆ "ತೆರಿಗೆ ಏರಿಸಿ" ಎಂಬ ಒಂದೇ ಸಾಲಿನ ಠರಾವು ಮಾಡುವುದನ್ನು ಬಿಡೋಣ. ಏರಿಸುವುದಾದರೆ ಮದ್ಯಸಾರದ ಪ್ರಮಾಣದ ಮೇಲೆ ಏರಿಸಿ, ಮೇಲಿನ ಮೆಟ್ಟಿಲಿಗೆ ಕೊಟ್ಟ ರಿಯಾಯಿತಿ ಹಿಂದಕ್ಕೆ ಪಡೆಯಿರಿ, ಪ್ರತಿ ಏರಿಕೆಯಿಂದ ಬಂದ ಹೆಚ್ಚುವರಿ ಹಣದಲ್ಲಿ ಒಂದು ಪಾಲನ್ನು ತಾಲೂಕು ಆಸ್ಪತ್ರೆಯ ವ್ಯಸನಮುಕ್ತಿ ಹಾಸಿಗೆಗೆ ಮತ್ತು ಅಲ್ಲಿ ಸೇರಿದವನ ಕೂಲಿ ನಷ್ಟಕ್ಕೆ ಕಾಯಂ ಮಾಡಿ ಎಂದು ಬರೆಯೋಣ. ಇದನ್ನು ಕೇಳಿದರೆ ಆದಾಯ ಇಳಿಯುತ್ತದೆ ಎಂದು ಅಧಿಕಾರಿಗಳು ಹೆದರಿಸುತ್ತಾರೆ. ಹೌದು, ಕೆಲಸ ಸರಿಯಾಗಿ ನಡೆದರೆ ಇಳಿಯುತ್ತದೆ. ಇಳಿಯದಿದ್ದರೆ ಅದು ಕೆಲಸ ಮಾಡಿಲ್ಲವೆಂದೇ ಅರ್ಥ.

ಅದಕ್ಕೂ ಮೊದಲು ಒಂದು ಸಣ್ಣ ಕೆಲಸ. 2022ರ ಜನವರಿಯಿಂದ ಇಲ್ಲಿಯವರೆಗೆ ವಿಜಯಪುರ ನಗರ, ಟಿಕೋಟಾ ಮತ್ತು ಬಬಲೇಶ್ವರ ತಾಲೂಕುಗಳ ಅಂಗಡಿಗಳು ಎತ್ತಿದ ಪೆಟ್ಟಿಗೆಗಳ ಸಂಖ್ಯೆ ತಿಂಗಳುವಾರು ಎಷ್ಟು, ಅದರಲ್ಲಿ ಬಿಯರು ಎಷ್ಟು, ಕೆಳಗಿನ ಸ್ಲ್ಯಾಬುಗಳ ಮದ್ಯ ಎಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬೇಕು. ಹತ್ತು ರೂಪಾಯಿಯ ಅರ್ಜಿ. 2023ರ ಜುಲೈ, 2025ರ ಜನವರಿ, 2025ರ ಮೇ, ಈ ಮೂರು ಏರಿಕೆಗಳ ಹಿಂದಿನ ಆರು ತಿಂಗಳು ಮತ್ತು ಮುಂದಿನ ಆರು ತಿಂಗಳನ್ನು ಪಕ್ಕಪಕ್ಕದಲ್ಲಿ ಬರೆದರೆ ನಮ್ಮ ಸೀಮೆಯ ಬೇಡಿಕೆ ಎಷ್ಟು ಬಾಗಿತು ಎಂಬುದು ಒಂದೇ ಹಾಳೆಯಲ್ಲಿ ಕಾಣುತ್ತದೆ. ಹಬ್ಬದ ತಿಂಗಳು, ದ್ರಾಕ್ಷಿ ಸುಗ್ಗಿಯ ತಿಂಗಳುಗಳನ್ನು ಹಿಂದಿನ ವರ್ಷದ ಅದೇ ತಿಂಗಳ ಜೊತೆಗೆ ಹೋಲಿಸಬೇಕು, ಇಲ್ಲದಿದ್ದರೆ ಕೂಲಿ ಕೈಗೆ ಬಂದಾಗಿನ ಏರಿಕೆಯನ್ನು ನಾವು ಬೇರೇನೋ ಎಂದು ತಿಳಿದೇವು. ಅರ್ಜಿಯ ಕರಡು ನಾನು ಬರೆದುಕೊಡುತ್ತೇನೆ. ಸಹಿ ಹಾಕಲು ಪ್ರತಿ ಊರಿನಿಂದ ಇಬ್ಬರು ತಾಯಂದಿರು ಬರಲಿ.